ಕಸದ ಚೀಲದಲ್ಲಿದ್ದ ಒಂದು ಲ್ಯಾನ್ಸೆಟ್: ಮನೆಯಲ್ಲಿ ಸೂಜಿ ಚುಚ್ಚಿದ ಒಂದು ಪ್ರಕರಣ

ನಾನು ಸಕ್ಕರೆ ಕಾಯಿಲೆ ಇರುವವರ ಮನೆಗಳಿಗೆ ಹೋಗಿ ಇನ್ಸುಲಿನ್ ತಗೊಳ್ಳುವುದನ್ನು ಹೇಳಿಕೊಡುವ ನರ್ಸ್. ಇದು ನಾನು ನೋಡಿಕೊಳ್ಳುತ್ತಿದ್ದ ಒಂದು ಮನೆಯ ಕಥೆ. ಆ ಮನೆಯವರನ್ನೂ, ಸೂಜಿ ಚುಚ್ಚಿಸಿಕೊಂಡ ಹೆಣ್ಣುಮಗಳನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಯಸ್ಸು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಸಮಯ, ಪರೀಕ್ಷೆ, ಔಷಧಿ ಮಾತ್ರ ನಡೆದ ಹಾಗೆಯೇ ಇವೆ.

ಮನೆ ಮತ್ತು ಅದರ ಸೂಜಿಗಳು

ಮನೆಯಲ್ಲಿ ಮೂವರು. ಎಪ್ಪತ್ತು ದಾಟಿದ ಅಜ್ಜ, ಅಜ್ಜಿ, ಕೆಲಸಕ್ಕೆ ಹೋಗುವ ಮಗಳು. ಬೆಳಿಗ್ಗೆಯಿಂದ ಸಂಜೆವರೆಗೆ ಇಬ್ಬರು ಹಿರಿಯರನ್ನು ನೋಡಿಕೊಳ್ಳಲು ಒಬ್ಬ ಸಹಾಯಕಿ ಬರುತ್ತಿದ್ದರು. ಅವರಿಗೆ ಮೂವತ್ತೈದರ ಆಸುಪಾಸು.

ಅಜ್ಜನಿಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಪೆನ್ ಮೂಲಕ. ಪ್ರತಿ ಸಲಕ್ಕೂ ಮುಂಚೆ ಬೆರಳು ಚುಚ್ಚಿ ಶುಗರ್ ನೋಡಬೇಕು. ಅಂದರೆ ದಿನಕ್ಕೆ ನಾಲ್ಕು ಪೆನ್ ಸೂಜಿ, ಬೆರಳು ಚುಚ್ಚುವ ನಾಲ್ಕು ಲ್ಯಾನ್ಸೆಟ್. ಅಜ್ಜಿಗೆ ಬರೀ ಮಾತ್ರೆ. ಆದರೂ ವಾರಕ್ಕೆ ಎರಡು ಮೂರು ಸಲ ಅವರೂ ಶುಗರ್ ನೋಡಿಕೊಳ್ಳುತ್ತಿದ್ದರು. ಪ್ರತಿ ಸಲ ಹೊಸದು ಬಳಸಿದರೆ, ಕೂಡಿಸಿ ತಿಂಗಳಿಗೆ ಸುಮಾರು ಇನ್ನೂರೈವತ್ತು ಚೂಪು ವಸ್ತುಗಳು. ಎರಡೂ ಅಷ್ಟು ಸಣ್ಣವಾಗಿರುವುದರಿಂದ ಈ ಲೆಕ್ಕ ಯಾರ ಮನಸ್ಸಿಗೂ ಬಂದಿರಲಿಲ್ಲ.

ಇನ್ಸುಲಿನ್ ಶುರುವಾದ ದಿನ ನಾನೇ ಅವರಿಗೆ ಹೇಳಿದ್ದೆ, "ಬಳಸಿದ ಸೂಜಿನ ಸುಮ್ನೆ ಕಸಕ್ಕೆ ಹಾಕ್ಬೇಡಿ, ಒಂದು ಗಟ್ಟಿ ಬಾಟಲಿಗೆ ಹಾಕಿ" ಅಂತ. ಅವರು ಮಾತು ಕೇಳಿದರು. ಕುಡಿಯುವ ನೀರಿನ ಖಾಲಿ ಬಾಟಲಿ ಒಂದನ್ನು ಅದಕ್ಕೇ ಅಂತ ಇಟ್ಟರು. ಎಂಥ ಬಾಟಲಿ ಅಂತ ನಾನು ಕೇಳಲಿಲ್ಲ. ಮುಂದಿನ ಎರಡು ಭೇಟಿಯಲ್ಲೂ ತೋರಿಸಿ ಅನ್ನಲಿಲ್ಲ. ಇದು ನನ್ನ ತಪ್ಪು.

ಆ ಬಾಟಲಿಯಲ್ಲಿ ಮೂರು ತೊಂದರೆ ಇತ್ತು. ಪ್ಲಾಸ್ಟಿಕ್ ತೆಳು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಬಾಯಿ ಸಣ್ಣದು, ದೊಡ್ಡ ಮುಚ್ಚಳ ಸಮೇತ ಪೆನ್ ಸೂಜಿ ಹಾಕಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಾಗಾಗಿ ಅಜ್ಜ ಮುಚ್ಚಳ ಬಿಟ್ಟು ಬರೀ ಸೂಜಿ ಹಾಕುತ್ತಿದ್ದರು, ಅಂದರೆ ಬೆರಳಲ್ಲೇ ಹಿಡಿದು ತಿರುಗಿಸಿ ತೆಗೆಯುತ್ತಿದ್ದರು. ಮೂರನೆಯದು, "ಸೂಜಿ" ಅಂದಿದ್ದನ್ನು ಅವರು ಇನ್ಸುಲಿನ್ ಸೂಜಿ ಅಂತ ಮಾತ್ರ ತಿಳಿದುಕೊಂಡಿದ್ದರು. ಲ್ಯಾನ್ಸೆಟ್‌ಗಳು ಹತ್ತಿ ಮತ್ತು ಪರೀಕ್ಷೆಯ ಪಟ್ಟಿಗಳ ಜೊತೆ ನೇರವಾಗಿ ಕಸದ ಬುಟ್ಟಿಗೆ ಹೋಗುತ್ತಿದ್ದವು.

ನಿಜ ಹೇಳಬೇಕೆಂದರೆ ಎರಡರಲ್ಲಿ ರಕ್ತಕ್ಕೆ ನೇರವಾಗಿ ತಾಗುವುದು ಲ್ಯಾನ್ಸೆಟ್. ಇನ್ಸುಲಿನ್ ಸೂಜಿ ಚರ್ಮದ ಕೆಳಗಿನ ಕೊಬ್ಬಿಗೆ ಹೋಗಿ ಬರುತ್ತದೆ, ರಕ್ತ ಅಂಟುವುದು ಕಮ್ಮಿ. ಲ್ಯಾನ್ಸೆಟ್ ಇರುವುದೇ ರಕ್ತ ತೆಗೆಯಲು. ತುದಿ ಒಂದೆರಡು ಮಿಲಿಮೀಟರ್ ಅಷ್ಟೆ. ಅದಕ್ಕೇ ಅದನ್ನು ಯಾರೂ ಸೂಜಿ ಅಂತ ಎಣಿಸುವುದಿಲ್ಲ.

ಚುಚ್ಚಿದ ಬೆಳಿಗ್ಗೆ

ಬೆಳಿಗ್ಗೆ ಒಂಬತ್ತೂಕಾಲು. ಸಹಾಯಕಿ ಕಸದ ಚೀಲ ಕಟ್ಟುತ್ತಿದ್ದರು. ಚೀಲ ತುಂಬಿತ್ತು, ಗಂಟು ಹಾಕಲು ಬಾಯಿ ಸಾಲದು. ಎಲ್ಲರೂ ಮಾಡುವ ಹಾಗೆ ಅಂಗೈಯಿಂದ ಕಸವನ್ನು ಕೆಳಕ್ಕೆ ಒತ್ತಿದರು. ಹೆಬ್ಬೆರಳ ಬುಡದಲ್ಲಿ ಚುರುಕ್ ಅಂತು. ಕೈ ತೆಗೆದರೆ ಚೀಲದ ಪ್ಲಾಸ್ಟಿಕ್ ತೂರಿ ಬಂದ ಲ್ಯಾನ್ಸೆಟ್‌ನ ತುದಿ ಅಲ್ಲೇ ಕಾಣುತ್ತಿತ್ತು. ಒಂದು ಹನಿ ರಕ್ತ ಬಂತು.

ಅವರು ಬೆರಳನ್ನು ಗಟ್ಟಿಯಾಗಿ ಹಿಂಡಿದರು. ಬಾಯಿಗಿಟ್ಟು ಚೀಪಿ ಉಗುಳಿದರು. ಬಟ್ಟೆಯಲ್ಲಿ ಒರೆಸಿ, ಒಂದು ಪ್ಲಾಸ್ಟರ್ ಹಾಕಿಕೊಂಡು ಕೆಲಸಕ್ಕೆ ಹೋದರು. ಯಾರಿಗೂ ಹೇಳಲಿಲ್ಲ. ಆಮೇಲೆ ಕೇಳಿದಾಗ ಅಂದಿದ್ದು ಇಷ್ಟು: "ಅಜ್ಜಂಗೆ ಬೇಜಾರಾಗುತ್ತೆ ಅನ್ನಿಸ್ತು. ಸಣ್ಣ ಚುಚ್ಚು ತಾನೇ."

ಹಿಂಡುವುದು, ಚೀಪುವುದು ಎರಡೂ ಸಹಜವಾಗಿ ಮಾಡಿಬಿಡುವ ಕೆಲಸ. ಆದರೆ ಹಿಂಡಿದರೆ ವೈರಸ್ ಹೊರಗೆ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಸುತ್ತಲಿನ ಮಾಂಸಕ್ಕೆ ಪೆಟ್ಟಾಗುತ್ತದೆ ಅಷ್ಟೆ. ಚೀಪಿದರೆ ಅದೇ ರಕ್ತವನ್ನು ಬಾಯಿಗೆ ತಗೊಂಡ ಹಾಗೆ. ಆ ಕ್ಷಣಕ್ಕೆ ಬೇಕಾದ್ದು ಹರಿಯುವ ನೀರು ಮತ್ತು ಸೋಪು. ಉಜ್ಜಿ ಗಾಯ ಮಾಡಿಕೊಳ್ಳದೆ ಚೆನ್ನಾಗಿ ತೊಳೆದು, ಒರೆಸಿ, ಪ್ಲಾಸ್ಟರ್ ಹಾಕಬೇಕು. ಬ್ಲೀಚ್ ಅಥವಾ ನೆಲ ತೊಳೆಯುವ ದ್ರಾವಣ ಹಾಕಬಾರದು, ಅದು ಚರ್ಮವನ್ನೇ ಸುಡುತ್ತದೆ. ಆಮೇಲೆ ಗಡಿಯಾರ ನೋಡಿ ಸಮಯ ಬರೆದಿಡಬೇಕು. ಆಸ್ಪತ್ರೆಯಲ್ಲಿ ಮುಂದಿನ ಲೆಕ್ಕವೆಲ್ಲ ಆ ಗಳಿಗೆಯಿಂದ ಶುರುವಾಗುತ್ತದೆ.

ಮಗಳ ಫೋನ್

ಆ ದಿನ ಮಗಳು ಮಧ್ಯಾಹ್ನವೇ ಮನೆಗೆ ಬಂದಿದ್ದರು. ಪ್ಲಾಸ್ಟರ್ ನೋಡಿ ಏನಾಯಿತು ಅಂತ ಕೇಳಿದರು. ಒಂದೂವರೆಗೆ ನನಗೆ ಫೋನ್ ಬಂತು.

"ಸಿಸ್ಟರ್, ಅಪ್ಪನಿಗೆ ಶುಗರ್ ಬಿಟ್ಟರೆ ಬೇರೆ ಏನೂ ಇಲ್ಲ. ಮನೆಯವರದ್ದೇ ಸೂಜಿ. ಒಂದು ಟಿಟಿ ಇಂಜೆಕ್ಷನ್ ಹಾಕಿಸಿದ್ರೆ ಸಾಕಲ್ವಾ?"

ಇಡೀ ಪ್ರಕರಣ ಇಲ್ಲಿಂದ ಎತ್ತ ಬೇಕಾದರೂ ಹೋಗಬಹುದಿತ್ತು. ನಾನು ಒಂದೇ ಪ್ರಶ್ನೆ ಕೇಳಿದೆ: "ಅಪ್ಪನಿಗೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆ ಯಾವತ್ತಾದ್ರೂ ಮಾಡಿಸಿದ್ದೀರಾ?" ಇಲ್ಲ ಅಂದರು. ಹಾಗಾದರೆ "ಏನೂ ಇಲ್ಲ" ಅನ್ನುವುದು ಗೊತ್ತಿರುವ ವಿಷಯ ಅಲ್ಲ, ನಮ್ಮ ಊಹೆ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಇರುವ ಎಷ್ಟೋ ಜನ ವರ್ಷಗಟ್ಟಲೆ ಆರಾಮಾಗಿಯೇ ಇರುತ್ತಾರೆ.

ಮಗಳಿಗೆ ಹೆದರಿಕೆ ಇದ್ದದ್ದು ಎಚ್‌ಐವಿ ಬಗ್ಗೆ. ಹೆಚ್ಚಿನವರಿಗೆ ಹಾಗೇ. ಆದರೆ ಸೂಜಿ ಚುಚ್ಚಿದಾಗ ಸುಲಭವಾಗಿ ದಾಟುವುದು ಹೆಪಟೈಟಿಸ್ ಬಿ. ಆಸ್ಪತ್ರೆ ಕೆಲಸಗಾರರಲ್ಲಿ ಕಂಡ ಲೆಕ್ಕದ ಪ್ರಕಾರ, ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವುದು ಸಾವಿರಕ್ಕೆ ಸುಮಾರು 3 ಸಲ. ಹೆಪಟೈಟಿಸ್ ಬಿ ಆದರೆ, ಲಸಿಕೆ ಇಲ್ಲದವರಿಗೆ ನೂರಕ್ಕೆ 6ರಿಂದ 30 ಸಲ. ಆ ವೈರಸ್ ಒಣಗಿದ ರಕ್ತದಲ್ಲೂ 7 ದಿನ ಬದುಕಿರಬಲ್ಲದು. ಕಸದ ಚೀಲದಲ್ಲಿ ಎರಡು ದಿನದ ಹಿಂದೆ ಬಿದ್ದ ಲ್ಯಾನ್ಸೆಟ್ ಕೂಡ ಲೆಕ್ಕಕ್ಕೆ ಬರುತ್ತದೆ ಅಂತಾಯಿತು.

ಆಮೇಲೆ ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ: "ಆ ಲ್ಯಾನ್ಸೆಟ್‌ನ ಎತ್ತಿಟ್ಟಿದ್ದೀನಿ, ಅದನ್ನೇ ಪರೀಕ್ಷೆಗೆ ಕೊಡೋಣ್ವಾ?" ಬೇಡ ಅಂದೆ. ಸೂಜಿಯನ್ನು ಪರೀಕ್ಷೆ ಮಾಡುವುದಿಲ್ಲ. ಫಲಿತಾಂಶ ನಂಬುವ ಹಾಗಿರುವುದಿಲ್ಲ, ಹೊತ್ತುಕೊಂಡು ಹೋಗುವಾಗ ಇನ್ನೊಬ್ಬರಿಗೆ ಚುಚ್ಚಬಹುದು. ರಸ್ತೆಯಲ್ಲಿ ಬಿದ್ದ ಸೂಜಿ ಚುಚ್ಚಿದರೆ ಅದು ಯಾರದ್ದು ಅಂತ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಚುಚ್ಚಿದರೆ ಸೂಜಿಯ ಒಡೆಯರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಪರೀಕ್ಷೆ ಅವರಿಗೆ ಮಾಡಬೇಕು, ಅದೂ ಅವರ ಒಪ್ಪಿಗೆಯಿಂದ.

"ಹಾಗಾದ್ರೆ ಅಪ್ಪನ್ನೂ ಕರ್ಕೊಂಡು ಹೋಗ್ತೀನಿ" ಅಂದರು. ನಾನು, ಆ ಲ್ಯಾನ್ಸೆಟ್ ಅಪ್ಪನದ್ದೇ ಅಂತ ಖಚಿತಾನಾ ಅಂತ ಕೇಳಿದೆ. ಫೋನ್‌ನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಮನೆಯಲ್ಲಿ ಬೆರಳು ಚುಚ್ಚುವ ಪೆನ್ ಒಂದೇ ಇತ್ತು. ಅಜ್ಜ, ಅಜ್ಜಿ ಇಬ್ಬರೂ ಅದನ್ನೇ ಬಳಸುತ್ತಿದ್ದರು. ಲ್ಯಾನ್ಸೆಟ್ ಬದಲಿಸುತ್ತಿದ್ದರು, ಆದರೆ ಪ್ರತಿ ಸಲ ಅಲ್ಲ. "ನಾವಿಬ್ಬರೂ ಒಂದೇ ಮನೆಯವರಲ್ವಾ" ಅಂತ ಅಜ್ಜಿ ಆಮೇಲೆ ನನಗೆ ಅಂದರು. ಪೆನ್‌ನ ತುದಿಯ ಮುಚ್ಚಳದ ಒಳಗೂ ಕಣ್ಣಿಗೆ ಕಾಣದಷ್ಟು ರಕ್ತ ಉಳಿಯುತ್ತದೆ. ಹಾಗಾಗಿ ಲ್ಯಾನ್ಸೆಟ್ ಬದಲಿಸಿದರೂ ಆ ಪೆನ್ ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ಹೀಗೆ ಒಬ್ಬರಿಂದ ಒಬ್ಬರಿಗೆ ಹರಡಿದ ಉದಾಹರಣೆಗಳು ವೃದ್ಧರ ಆರೈಕೆ ಕೇಂದ್ರಗಳಲ್ಲಿ ಇವೆ.

ಆದ್ದರಿಂದ ಸಹಾಯಕಿ, ಅಜ್ಜ, ಅಜ್ಜಿ ಮೂವರನ್ನೂ ಕರೆದುಕೊಂಡು ಮಗಳು ಆಸ್ಪತ್ರೆಗೆ ಹೊರಟರು. ತುರ್ತು ವಿಭಾಗ ತಲುಪಿದಾಗ ಮೂರು ಗಂಟೆ. ಚುಚ್ಚಿ ಆರು ಗಂಟೆ ಹತ್ತಿರ ಆಗಿತ್ತು.

ಆಸ್ಪತ್ರೆಯಲ್ಲಿ ಮೂರು ಗಂಟೆ

ವೈದ್ಯರು ಕೇಳಿದ ಪ್ರಶ್ನೆಗಳು ಸರಳವಾಗಿದ್ದವು. ಎಷ್ಟು ಗಂಟೆಗೆ ಚುಚ್ಚಿತು? ಯಾವ ಸೂಜಿ, ಟೊಳ್ಳೋ ಗಟ್ಟಿಯೋ? ಎಷ್ಟು ಆಳ, ರಕ್ತ ಬಂತಾ? ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೀರಾ? ಟಿಟಿ ಯಾವಾಗ ಆಗಿದೆ? ಗರ್ಭಿಣಿಯೇ, ಬೇರೆ ಮಾತ್ರೆ ಏನಾದರೂ ಇದೆಯೇ? ಸಹಾಯಕಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿರಲೇ ಇಲ್ಲ.

ಮೊದಲು ಅವರದೇ ರಕ್ತ ತೆಗೆದರು. ಇದು ಎಷ್ಟೋ ಜನರಿಗೆ ಅರ್ಥವಾಗುವುದಿಲ್ಲ. "ಈಗ ತಾನೇ ಚುಚ್ಚಿದೆ, ಇಷ್ಟು ಬೇಗ ಏನು ಗೊತ್ತಾಗುತ್ತೆ?" ಅಂತ ಸಹಾಯಕಿಯೂ ಕೇಳಿದರು. ಈ ಚುಚ್ಚಿನಿಂದ ಏನಾಯಿತು ಅಂತ ಅದರಲ್ಲಿ ಗೊತ್ತಾಗುವುದಿಲ್ಲ, ಸರಿಯೇ. ಇವತ್ತಿನ ತನಕ ಏನೂ ಇರಲಿಲ್ಲ ಅನ್ನುವುದು ದಾಖಲಾಗುತ್ತದೆ. ಮುಂದಿನ ಪರೀಕ್ಷೆಗಳನ್ನು ಹೋಲಿಸುವುದು ಇದರ ಜೊತೆಗೇ.

ಅಜ್ಜ, ಅಜ್ಜಿಯ ಒಪ್ಪಿಗೆ ಪಡೆದು ಬೇಗ ಫಲಿತಾಂಶ ಕೊಡುವ ಪರೀಕ್ಷೆ ಮಾಡಿದರು. ಅದು ಬರುವವರೆಗೆ ಕಾಯದೆ ಸಹಾಯಕಿಗೆ ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಕೊಟ್ಟರು. ಈ ಮಾತ್ರೆಗೆ ಗಂಟೆಗಳ ಲೆಕ್ಕ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಶುರು ಮಾಡುವುದಿಲ್ಲ. ಬೇಕೆಂದಾದರೆ 28 ದಿನ ತಗೊಳ್ಳಬೇಕು, ಸೂಜಿಯ ಒಡೆಯರಿಗೆ ಎಚ್‌ಐವಿ ಇಲ್ಲ ಅಂತ ಗೊತ್ತಾದರೆ ಮಧ್ಯೆ ನಿಲ್ಲಿಸಬಹುದು. ಇಲ್ಲಿ ನಿಲ್ಲಿಸಿದರು. ಹಿರಿಯರಿಬ್ಬರಿಗೂ ಎಚ್‌ಐವಿ ಇರಲಿಲ್ಲ, ಹೆಪಟೈಟಿಸ್ ಸಿ ಇರಲಿಲ್ಲ. ಹೆಪಟೈಟಿಸ್ ಸಿಗೆ ಮುಂಚಿತವಾಗಿ ತಡೆಯುವ ಮದ್ದಿಲ್ಲ. ಅದು ಇದ್ದವರ ಸೂಜಿಯಾಗಿದ್ದರೆ ಕೆಲವು ವಾರ ಬಿಟ್ಟು ರಕ್ತದಲ್ಲಿ ವೈರಸ್ ಹುಡುಕಬೇಕಿತ್ತು. ಬಂದಿದ್ದರೂ ಈಗ ಮಾತ್ರೆಗಳಿಂದ ವಾಸಿಯಾಗುತ್ತದೆ.

ಅಜ್ಜಿಯದು ಮೂರೂ ನೆಗೆಟಿವ್. ಅಜ್ಜನ ಹೆಪಟೈಟಿಸ್ ಬಿ ಮಾತ್ರ ಪಾಸಿಟಿವ್ ಬಂತು.

ಮಗಳು ಕುರ್ಚಿಯಲ್ಲಿ ಕೂತುಬಿಟ್ಟರು. ಸಹಾಯಕಿ ಏನೂ ಹೇಳದೆ ಹೆಬ್ಬೆರಳ ಪ್ಲಾಸ್ಟರ್‌ನ ಅಂಚನ್ನು ಉಗುರಿನಿಂದ ಎಬ್ಬಿಸುತ್ತಾ, ಮತ್ತೆ ಅಂಟಿಸುತ್ತಾ ಇದ್ದರು. ಕೊನೆಗೆ ಕೇಳಿದ್ದು, "ನಂಗೆ ಬಂದುಬಿಟ್ಟಿದೆಯಾ?" ಅಂತ.

ವೈದ್ಯರು ಸಮಾಧಾನದಿಂದ ವಿವರಿಸಿದರು. ಸೋಂಕು ತಗಲಿದೆ ಅಂತಲ್ಲ, ತಗಲುವ ಅವಕಾಶ ಇದೆ. ಅದನ್ನು ತಡೆಯಲು ಇನ್ನೂ ಸಮಯವೂ ಇದೆ. ಆರು ಗಂಟೆ ಸುಮಾರಿಗೆ ಎರಡು ಇಂಜೆಕ್ಷನ್ ಕೊಟ್ಟರು, ಮೈಯ ಬೇರೆ ಬೇರೆ ಜಾಗಕ್ಕೆ. ಒಂದು ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್. ಇದು ಬೇರೆಯವರ ರಕ್ತದಿಂದ ತೆಗೆದ ಸಿದ್ಧ ರೋಗನಿರೋಧಕ, ತಕ್ಷಣ ಕೆಲಸ ಶುರು ಮಾಡುತ್ತದೆ, ಆದರೆ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಇನ್ನೊಂದು ಲಸಿಕೆಯ ಮೊದಲ ಡೋಸ್. ಅದು ನಿಧಾನವಾಗಿ ಮೈಯಲ್ಲೇ ಶಕ್ತಿ ಬೆಳೆಸುತ್ತದೆ. ಇಮ್ಯುನೋಗ್ಲೋಬ್ಯುಲಿನ್ ಅನ್ನು 24 ಗಂಟೆಯೊಳಗೆ ಕೊಡುವುದು ಉತ್ತಮ. ಏಳು ದಿನ ಕಳೆದ ಮೇಲೆ ಕೊಟ್ಟರೆ ಉಪಯೋಗ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಇವರಿಗೆ ಸಿಕ್ಕಿದ್ದು ಚುಚ್ಚಿದ ಒಂಬತ್ತು ಗಂಟೆಗೆ. ಟಿಟಿ ಕೂಡ ಹಾಕಿದರು. ಮಗಳು ಫೋನಲ್ಲಿ ಕೇಳಿದ್ದ ಆ ಒಂದು ಇಂಜೆಕ್ಷನ್ ಇದು. ಬರೀ ಅದನ್ನು ಹಾಕಿಸಿ ಮನೆಗೆ ಹೋಗಿದ್ದರೆ ಅಜ್ಜನ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಖರ್ಚು ಪೂರ್ತಿ ಮನೆಯವರೇ ನೋಡಿಕೊಂಡರು. ಸಹಾಯಕಿಯ ವರದಿಯನ್ನು ಮಗಳು ನೋಡಲು ಕೇಳಿದಾಗ ವೈದ್ಯರು ಕೊಡಲಿಲ್ಲ. ಅದು ಸಹಾಯಕಿಯ ವರದಿ, ತೋರಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಅಜ್ಜನ ಫಲಿತಾಂಶ ಸಹಾಯಕಿಗೆ ತಿಳಿಸಲೂ ಮೊದಲು ಅಜ್ಜನ ಒಪ್ಪಿಗೆ ಕೇಳಿದರು. ಅಜ್ಜ ತಕ್ಷಣ ಹ್ಞೂಂ ಅಂದರು.

ಎರಡನೇ ಬಾಟಲಿ, ಮೂರನೇ ಬಾಟಲಿ

ಎರಡು ದಿನ ಬಿಟ್ಟು ನಾನು ಮನೆಗೆ ಹೋದೆ. ಈ ಸಲ ಮೊದಲ ಮಾತೇ "ಬಾಟಲಿ ತೋರಿಸಿ".

ಬಟ್ಟೆ ಒಗೆಯುವ ಲಿಕ್ವಿಡ್ ಬರುವ ಎರಡು ಲೀಟರಿನ ಖಾಲಿ ಬಾಟಲಿ ಆರಿಸಿದೆವು. ದಪ್ಪ ಪ್ಲಾಸ್ಟಿಕ್, ಹೆಬ್ಬೆರಳಲ್ಲಿ ಬಲವಾಗಿ ಒತ್ತಿದರೂ ಬಗ್ಗುವುದಿಲ್ಲ. ತಿರುಗಿಸಿ ಬಿಗಿ ಮಾಡುವ ಮುಚ್ಚಳ. ನೆಟ್ಟಗೆ ನಿಲ್ಲುತ್ತದೆ, ಉರುಳುವುದಿಲ್ಲ. ಬಾಯಿಯಲ್ಲಿ ಪೆನ್ ಸೂಜಿ ದೊಡ್ಡ ಮುಚ್ಚಳ ಸಮೇತ ಇಳಿಯುತ್ತದೆ, ಆದರೆ ಕೈ ಹೋಗುವುದಿಲ್ಲ. ಗಾಜಿನ ಶೀಶೆ ಬಿದ್ದರೆ ಒಡೆಯುತ್ತದೆ, ಪಾನೀಯದ ತಗಡಿನ ಡಬ್ಬಿಗೆ ಮುಚ್ಚಳ ಇಲ್ಲ. ಅವೆರಡೂ ಬೇಡ ಅಂದೆ. ಬಾಟಲಿಯ ಮುಕ್ಕಾಲು ಎತ್ತರದಲ್ಲಿ ಅಜ್ಜಿ ಮಾರ್ಕರ್‌ನಲ್ಲಿ ದಪ್ಪ ಗೆರೆ ಎಳೆದರು. ಮೇಲೆ ದೊಡ್ಡದಾಗಿ "ಬಳಸಿದ ಸೂಜಿ, ಮುಟ್ಟಬೇಡಿ" ಅಂತ ಬರೆದೆವು.

ಅದು ಮುಗಿಯಿತು ಅಂದುಕೊಂಡರೆ ಇಲ್ಲ. ಮಗಳು ಸುರಕ್ಷಿತ ಅಂತ ಬಾಟಲಿಯನ್ನು ಬಚ್ಚಲಿನ ಮೇಲಿನ ಕಪಾಟಿಗೆ ಏರಿಸಿದರು. ವಾರದ ನಂತರ ಹೋದಾಗ ಅಜ್ಜನ ಮಂಚದ ಪಕ್ಕದ ಮೇಜಿನ ಮೇಲೆ ಕರವಸ್ತ್ರದಲ್ಲಿ ಸುತ್ತಿದ ಹನ್ನೊಂದು ಸೂಜಿ ಎಣಿಸಿದೆ. ಮಂಡಿನೋವಿನ ಮನುಷ್ಯ ಪ್ರತಿ ಸಲ ಎದ್ದು, ಕಪಾಟು ತೆಗೆದು, ಬಾಟಲಿ ಇಳಿಸುವುದು ಆಗದ ಮಾತು. ಅವರು ಒಟ್ಟು ಮಾಡಿ ರಾತ್ರಿ ಒಮ್ಮೆ ಹಾಕೋಣ ಅಂತಿದ್ದರು. ಸೂಜಿ ಬಾಟಲಿಯ ಹತ್ತಿರ ಹೋಗಬಾರದು, ಬಾಟಲಿ ಸೂಜಿಯ ಹತ್ತಿರ ಬರಬೇಕು.

ಆ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ. ಹಾಗಾಗಿ ಎರಡು ಬಾಟಲಿ ಮಾಡಿದೆವು. ಒಂದು ಮಂಚದ ಪಕ್ಕ, ಇನ್ನೊಂದು ಊಟದ ಕೋಣೆಯಲ್ಲಿ, ಅವರು ಇನ್ಸುಲಿನ್ ತಗೊಳ್ಳುವ ಎರಡು ಜಾಗದಲ್ಲಿ. ಮಕ್ಕಳಿರುವ ಮನೆಯಾದರೆ ಎತ್ತರದಲ್ಲೇ ಇಟ್ಟು, ಚುಚ್ಚಿಕೊಳ್ಳುವ ಹೊತ್ತಿಗೆ ಮೊದಲು ಬಾಟಲಿ ಇಳಿಸಿ ಪಕ್ಕಕ್ಕಿಟ್ಟುಕೊಂಡೇ ಶುರು ಮಾಡಬೇಕು.

ಕೈಯ ಅಭ್ಯಾಸ ಬದಲಿಸಲು ಜಾಸ್ತಿ ಸಮಯ ಹಿಡಿಯಿತು. ಪೆನ್ ಸೂಜಿಗೆ ಎರಡು ತುದಿ ಇರುತ್ತದೆ ಅನ್ನುವುದನ್ನು ಅಜ್ಜ ಗಮನಿಸಿಯೇ ಇರಲಿಲ್ಲ. ಮೈಗೆ ಹೋಗುವುದು ಒಂದು, ಇನ್ಸುಲಿನ್ ಕಾರ್ಟ್ರಿಜ್‌ನ ರಬ್ಬರಿಗೆ ಹೋಗುವುದು ಇನ್ನೊಂದು. ಒಳಗಿನ ಸಣ್ಣ ಮುಚ್ಚಳ ಹಾಕಲು ಹೋದರೆ ಮುಂದಿನ ತುದಿ ಇನ್ನೊಂದು ಕೈಗೆ ಚುಚ್ಚುತ್ತದೆ. ಬೆರಳಲ್ಲಿ ಹಿಡಿದು ಬಿಚ್ಚಿದರೆ ಹಿಂದಿನ ತುದಿಯೂ ಚುಚ್ಚಬಹುದು. ಆದ್ದರಿಂದ ಹೊರಗಿನ ದೊಡ್ಡ ಮುಚ್ಚಳವನ್ನು ಮೇಜಿನ ಮೇಲೆ ಬಾಯಿ ಪಕ್ಕಕ್ಕಿರುವ ಹಾಗೆ ಮಲಗಿಸಿ, ಇನ್ನೊಂದು ಕೈ ದೂರ ಇಟ್ಟು, ಒಂದೇ ಕೈಯಲ್ಲಿ ಪೆನ್ ಹಿಡಿದು ಸೂಜಿಯನ್ನು ಅದರೊಳಗೆ ತೂರಿಸಬೇಕು. ಸೂಜಿ ಪೂರ್ತಿ ಒಳಗೆ ಹೋದ ಮೇಲೆ ಮುಚ್ಚಳ ಒತ್ತಿ, ತಿರುಗಿಸಿ ಬಿಚ್ಚಿ, ಸೀದಾ ಬಾಟಲಿಗೆ. ಸೂಜಿಯನ್ನು ಬಗ್ಗಿಸುವುದು, ಮುರಿಯುವುದು ಬೇಡ. ಲ್ಯಾನ್ಸೆಟ್ ಆದರೆ ಬೆರಳಲ್ಲಿ ಎಳೆಯದೆ, ಬೆರಳು ಚುಚ್ಚುವ ಪೆನ್‌ನ ಹೊರದೂಡುವ ಗುಂಡಿ ಒತ್ತಿ ಬಾಟಲಿಯ ಬಾಯಿಗೇ ಬೀಳಿಸಬೇಕು. ಅಜ್ಜನ ಪೆನ್‌ನಲ್ಲಿ ಆ ಗುಂಡಿ ಮೊದಲಿಂದಲೂ ಇತ್ತು.

ಗೆರೆ ಮುಟ್ಟಿದ ಬಾಟಲಿಯನ್ನು ಅಲ್ಲಾಡಿಸಿ, ಅದುಮಿ ಜಾಗ ಮಾಡಬಾರದು. ಇನ್ನೊಂದಕ್ಕೆ ಸುರಿಯಲೂಬಾರದು. ಮುಚ್ಚಳ ಬಿಗಿ ಮಾಡಿ, ಗಟ್ಟಿ ಟೇಪ್ ಸುತ್ತಿ, ಹೊಸ ಬಾಟಲಿ ಶುರು ಮಾಡಬೇಕು. ತುಂಬಿದ್ದನ್ನು ಎಲ್ಲಿ ಕೊಡಬೇಕು ಅನ್ನುವುದು ಊರಿಂದ ಊರಿಗೆ ಬೇರೆ. ಕೆಲವು ಕಡೆ ಆಸ್ಪತ್ರೆ ಅಥವಾ ಔಷಧಿ ಅಂಗಡಿ ತಗೊಳ್ಳುತ್ತದೆ, ಕೆಲವು ಕಡೆ ಕಸ ಸಂಗ್ರಹಿಸುವ ಇಲಾಖೆಯೇ ಪ್ರತ್ಯೇಕವಾಗಿ ಒಯ್ಯುತ್ತದೆ. ಮೊದಲ ಬಾಟಲಿ ತುಂಬುವ ಮುಂಚೆಯೇ ಫೋನ್ ಮಾಡಿ ಕೇಳಲು ಹೇಳಿದೆ. ತುಂಬಿದ ಮೇಲೆ ಕೇಳಿದರೆ ಅದು ಮೂಲೆಯಲ್ಲೇ ಕೂತುಬಿಡುತ್ತದೆ. ಪ್ಲಾಸ್ಟಿಕ್ ಬಾಟಲಿ ಅಂತ ಮರುಬಳಕೆಯ ಕಸಕ್ಕೆ ಮಾತ್ರ ಹಾಕಲೇಬಾರದು. ಅಲ್ಲಿ ಅದನ್ನು ಕೈಯಲ್ಲಿ ಬೇರ್ಪಡಿಸುವವರು ಇರುತ್ತಾರೆ.

ಆಮೇಲಿನ ಎಂಟು ತಿಂಗಳು

ಅಜ್ಜನ ಫಲಿತಾಂಶ ಪ್ರಯೋಗಾಲಯದಲ್ಲೂ ಖಚಿತವಾಯಿತು. ಯಕೃತ್ತಿನ ವೈದ್ಯರ ಹತ್ತಿರ ಹೋಗಿ, ವೈರಸ್ ಎಷ್ಟಿದೆ ಅಂತ ನೋಡಿಸಿಕೊಂಡರು. ಈಗ ನಿಯಮಿತವಾಗಿ ಪರೀಕ್ಷೆಗೆ ಹೋಗುತ್ತಾರೆ. ಆ ಸೋಂಕು ಯಾವಾಗ ಬಂತು ಅಂತ ಯಾರೂ ಹುಡುಕಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಅಜ್ಜ ಮಾತ್ರ ಕೆಲವು ದಿನ ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದರು. ಅದು ಬೇಕಿಲ್ಲ ಅಂತ ಕೂತು ಹೇಳಿದೆ. ಜೊತೆಗೆ ಊಟ ಮಾಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ ಹೆಪಟೈಟಿಸ್ ಬಿ ಹರಡುವುದಿಲ್ಲ. ಬೇರೆ ಇರಬೇಕಾದ್ದು ರೇಜರ್, ಹಲ್ಲುಜ್ಜುವ ಬ್ರಷ್, ಬೆರಳು ಚುಚ್ಚುವ ಪೆನ್. ಅಜ್ಜಿ ಮತ್ತು ಮಗಳು ಲಸಿಕೆ ಶುರು ಮಾಡಿದರು.

ಸಹಾಯಕಿ ಮಾರನೇ ದಿನವೇ ಕೆಲಸಕ್ಕೆ ಬಂದರು. ಬರಬಾರದು ಅನ್ನುವ ಕಾರಣ ಏನೂ ಇರಲಿಲ್ಲ. ಫಲಿತಾಂಶ ಮುಗಿಯುವವರೆಗೆ ರಕ್ತದಾನ ಮಾಡಬಾರದು ಅಂತ ಮಾತ್ರ ವೈದ್ಯರು ಹೇಳಿದ್ದರು. ಜ್ವರ, ಸುಸ್ತು, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ ಆದರೆ ತಕ್ಷಣ ಬರಬೇಕಿತ್ತು. ಹಾಗೇನೂ ಆಗಲಿಲ್ಲ. ಲಸಿಕೆಯ ಎರಡನೇ ಡೋಸ್ ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಮೂರನೆಯದನ್ನು ಅವರು ಮರೆತಿದ್ದರು, ನೆನಪಿಸಿದ್ದು ಅಜ್ಜಿ. ಗೋಡೆಯ ಕ್ಯಾಲೆಂಡರಿನಲ್ಲಿ ಅಜ್ಜಿ ಆ ತಾರೀಖಿಗೆ ಸುತ್ತು ಹಾಕಿಟ್ಟಿದ್ದರು.

ಆರು ತಿಂಗಳ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇರಲಿಲ್ಲ. ಲಸಿಕೆ ಹಿಡಿದಿದೆಯಾ ಅಂತ ನೋಡುವ ಪರೀಕ್ಷೆಯನ್ನು ವೈದ್ಯರು ಬೇಕೆಂದೇ ಎಂಟನೇ ತಿಂಗಳಿಗೆ ಇಟ್ಟರು. ಅದಕ್ಕೂ ಮುಂಚೆ ನೋಡಿದರೆ ಇಮ್ಯುನೋಗ್ಲೋಬ್ಯುಲಿನ್‌ನಿಂದ ಬಂದ ರೋಗನಿರೋಧಕವನ್ನೇ ಲಸಿಕೆಯದ್ದು ಅಂತ ತಪ್ಪು ತಿಳಿಯಬಹುದು. ಆ ಪರೀಕ್ಷೆಯಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ ಅಂತ ಅರ್ಥ. ಅವರ ವರದಿಯಲ್ಲಿ ಅದಕ್ಕಿಂತ ತುಂಬಾ ಮೇಲೆ ಇತ್ತು. ವರದಿಯನ್ನು ಅವರೇ ತಂದು ಮಗಳಿಗೂ ನನಗೂ ತೋರಿಸಿದರು.

ಆ ದಿನ ನಾನು ಹೊರಡುವಾಗ ಅವರು ಮಂಚದ ಪಕ್ಕದ ಬಾಟಲಿಯನ್ನು ಬೆಳಕಿಗೆ ಹಿಡಿದು ಗೆರೆ ನೋಡಿದರು. "ಇನ್ನೊಂದು ವಾರ ಬರುತ್ತೆ ಅಷ್ಟೆ ಸಿಸ್ಟರ್" ಅಂದು, ಟೇಪ್ ಎಲ್ಲಿಟ್ಟಿದ್ದೀರಿ ಅಂತ ಅಜ್ಜಿಯನ್ನು ಕೇಳುತ್ತಾ ಒಳಗೆ ಹೋದರು.